ವಯಸ್ಸಾದ ಗಂಡಸರಿಗೆ ಮೂತ್ರದ ಧಾರೆ ಯಾಕೆ ಸಣ್ಣಗಾಗುತ್ತದೆ? ಪ್ರಾಸ್ಟೇಟ್, ಮಾತ್ರೆ, ಆಪರೇಷನ್

ಅರವತ್ತು ದಾಟಿದ ಗಂಡಸರು ಈ ವಿಷಯಕ್ಕೆ ಡಾಕ್ಟರ ಹತ್ತಿರ ಹೋದಾಗ ಮೊದಲು ಹೇಳುವುದು ರಾತ್ರಿಯ ಕಥೆ. "ಮೂರು ನಾಲ್ಕು ಸಲ ಏಳಬೇಕು ಡಾಕ್ಟ್ರೇ, ನಿದ್ದೆನೇ ಇಲ್ಲ" ಅನ್ನುತ್ತಾರೆ. ಧಾರೆ ಸಣ್ಣಗಾಗಿದೆ ಅಂತ ತಾವಾಗಿ ಹೇಳುವವರು ಕಡಿಮೆ. ಅದಕ್ಕೆ ಕಾರಣವೂ ಇದೆ. ಧಾರೆ ಒಂದೇ ದಿನದಲ್ಲಿ ಸಣ್ಣಗಾಗುವುದಿಲ್ಲ. ಏಳೆಂಟು ವರ್ಷಗಳಲ್ಲಿ ನಿಧಾನವಾಗಿ ಇಳಿಯುತ್ತದೆ, ಮನುಷ್ಯ ಅದಕ್ಕೆ ಹೊಂದಿಕೊಂಡುಬಿಡುತ್ತಾನೆ. ಬಸ್‌ಸ್ಟ್ಯಾಂಡಿನ ಶೌಚಾಲಯದಲ್ಲಿ ಪಕ್ಕದಲ್ಲಿ ನಿಂತವರು ಇಬ್ಬರು ಮೂವರು ಬಂದು ಮುಗಿಸಿ ಹೋದರೂ ತನ್ನದಿನ್ನೂ ಶುರುವೇ ಆಗಿಲ್ಲ ಎಂದಾಗಲೇ ಹಲವರಿಗೆ ಅರಿವಾಗುವುದು.

ಇದಕ್ಕೆ ಸಾಮಾನ್ಯ ಕಾರಣ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗುವುದು. ಈ ಗ್ರಂಥಿ ಗಂಡಸರಿಗೆ ಮಾತ್ರ ಇರುತ್ತದೆ. ಮೂತ್ರಕೋಶದ ಬಾಯಿಗೆ ಸರಿಯಾಗಿ ಕೆಳಗೆ ಕೂತಿರುತ್ತದೆ, ಮೂತ್ರನಾಳ ಅದರ ನಟ್ಟನಡುವೆ ಹಾದು ಹೋಗುತ್ತದೆ. ವೀರ್ಯದ ನೀರಿನಂಥ ಭಾಗದಲ್ಲಿ ಒಂದಷ್ಟನ್ನು ತಯಾರಿಸುವುದು ಅದರ ಕೆಲಸ. ಯೌವನದಲ್ಲಿ ತೂಕ ಸುಮಾರು 20 ಗ್ರಾಂ. ನಲವತ್ತರ ನಂತರ ಇದು ಮತ್ತೆ ಬೆಳೆಯಲು ಶುರುಮಾಡುತ್ತದೆ. ಅರವತ್ತರ ಹೊತ್ತಿಗೆ ಸುಮಾರು ಅರ್ಧದಷ್ಟು ಗಂಡಸರಲ್ಲಿ, ಎಂಬತ್ತರ ಆಸುಪಾಸಿನಲ್ಲಿ ಹತ್ತರಲ್ಲಿ ಎಂಟು ಜನರಲ್ಲಾದರೂ ಈ ಬೆಳವಣಿಗೆ ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಆದರೆ ಅವರೆಲ್ಲರಿಗೂ ತೊಂದರೆ ಆಗುವುದಿಲ್ಲ.

ಇದು ಕ್ಯಾನ್ಸರ್ ಅಲ್ಲ. ಮುಂದೆ ಕ್ಯಾನ್ಸರ್ ಆಗಿ ಬದಲಾಗುವುದೂ ಇಲ್ಲ. ಗ್ರಂಥಿಯ ಒಳಭಾಗ, ಅಂದರೆ ಮೂತ್ರನಾಳದ ಸುತ್ತ ಇರುವ ಭಾಗ, ಈ ಸಾಧುವಾದ ಬೆಳವಣಿಗೆಯ ಜಾಗ. ಕ್ಯಾನ್ಸರ್ ಹೆಚ್ಚಾಗಿ ಹೊರಗಿನ ಭಾಗದಲ್ಲಿ ಹುಟ್ಟುತ್ತದೆ. ಹಾಗಾಗಿ ಕ್ಯಾನ್ಸರ್ ಶುರುವಿನಲ್ಲಿ ಸಾಮಾನ್ಯವಾಗಿ ಮೂತ್ರಕ್ಕೆ ಏನೂ ತೊಂದರೆ ಕೊಡುವುದಿಲ್ಲ. ಒಂದೇ ಮನುಷ್ಯನಲ್ಲಿ ಎರಡೂ ಇರಬಹುದು, ಅದಕ್ಕೇ ಡಾಕ್ಟರು ಪ್ರಾಸ್ಟೇಟಿನಲ್ಲಿ ತಯಾರಾಗುವ ಒಂದು ಪ್ರೋಟೀನನ್ನು ಅಳೆಯುವ ಪಿಎಸ್‌ಎ ರಕ್ತಪರೀಕ್ಷೆ ಮಾಡಿಸುವುದು, ಗುದದ್ವಾರದಲ್ಲಿ ಬೆರಳಿಟ್ಟು ಗ್ರಂಥಿಯನ್ನು ಮುಟ್ಟಿ ನೋಡುವುದು. ಎರಡನೆಯದಕ್ಕೆ ನಮ್ಮ ಜನ ಬಹಳ ಮುಜುಗರ ಪಡುತ್ತಾರೆ. ಅರ್ಧ ನಿಮಿಷದ ಕೆಲಸ. ಮೆತ್ತಗೆ ಸಮವಾಗಿ ದೊಡ್ಡದಾಗಿದೆಯೋ, ಎಲ್ಲೋ ಒಂದು ಕಡೆ ಗಟ್ಟಿ ಗಂಟಿದೆಯೋ ಅನ್ನುವುದು ಬೆರಳಿಗೆ ಗೊತ್ತಾಗುತ್ತದೆ.

ಗ್ರಂಥಿ ಬೆಳೆಯುವುದು ಗಂಡಸಿನ ಹಾರ್ಮೋನಿನಿಂದ. ವೃಷಣಗಳಲ್ಲಿ ತಯಾರಾಗುವ ಟೆಸ್ಟೋಸ್ಟೆರಾನ್ ಪ್ರಾಸ್ಟೇಟಿನೊಳಗೆ ಹೋದಾಗ ಒಂದು ಕಿಣ್ವ ಅದನ್ನು ಇನ್ನೂ ಬಲವಾದ ರೂಪಕ್ಕೆ ಬದಲಾಯಿಸುತ್ತದೆ. ಅದರ ಹೆಸರು ಡಿಎಚ್‌ಟಿ. ಪ್ರಾಸ್ಟೇಟನ್ನು ಬೆಳೆಸುವುದು ಮುಖ್ಯವಾಗಿ ಇದೇ. ಇದು ಗಟ್ಟಿಯಾಗಿ ತಿಳಿದದ್ದು ಒಂದು ವಿಚಿತ್ರ ಸಂಗತಿಯಿಂದ. 1974ರಲ್ಲಿ ಕೆರಿಬಿಯನ್ ದ್ವೀಪದ ಡೊಮಿನಿಕನ್ ರಿಪಬ್ಲಿಕ್ ದೇಶದ ಕೆಲವು ಕುಟುಂಬಗಳ ಬಗ್ಗೆ ವರದಿ ಬಂತು. ಅಲ್ಲಿ ಕೆಲವು ಮಕ್ಕಳು ಹುಟ್ಟುವಾಗ ಹೆಣ್ಣುಮಕ್ಕಳಂತೆ ಕಾಣುತ್ತಿದ್ದರು, ಪ್ರಾಯಕ್ಕೆ ಬಂದಾಗ ಗಂಡಾಗಿ ಬೆಳೆಯುತ್ತಿದ್ದರು. ಅವರಿಗೆ ಹುಟ್ಟಿನಿಂದಲೇ ಆ ಕಿಣ್ವದ ಕೊರತೆ ಇತ್ತು. ದೊಡ್ಡವರಾದ ಮೇಲೂ ಅವರ ಪ್ರಾಸ್ಟೇಟ್ ತೀರಾ ಚಿಕ್ಕದಾಗೇ ಉಳಿಯುತ್ತಿತ್ತು. ಆ ಕಿಣ್ವವನ್ನು ಔಷಧಿಯಿಂದ ತಡೆದರೆ ಹೇಗೆ ಅನ್ನುವ ಆಲೋಚನೆಗೆ ಇದು ದಾರಿಯಾಯಿತು. ಹಾಗೆ ಬಂದ ಫಿನಾಸ್ಟೆರೈಡ್ ಮಾತ್ರೆಗೆ 1992ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ತಡೆ ಒಂದಲ್ಲ, ಎರಡು

ಗ್ರಂಥಿಯ ಸುತ್ತ ಗಟ್ಟಿಯಾದ ಹೊದಿಕೆ ಇರುವುದರಿಂದ ಒಳಗೆ ಬೆಳೆದದ್ದಕ್ಕೆ ಹೊರಕ್ಕೆ ಹಿಗ್ಗಲು ಜಾಗ ಕಡಿಮೆ. ಅದು ನಡುವಿನ ಮೂತ್ರನಾಳವನ್ನೇ ಒತ್ತುತ್ತದೆ. ಇದು ಮೊದಲನೆಯ ತಡೆ, ಬರೀ ಗಾತ್ರದ್ದು.

ಎರಡನೆಯದು ಬಿಗಿತದ್ದು. ಪ್ರಾಸ್ಟೇಟಿನೊಳಗೆ ಮತ್ತು ಮೂತ್ರಕೋಶದ ಕುತ್ತಿಗೆಯಲ್ಲಿ ನಮ್ಮ ಹತೋಟಿಗೆ ಸಿಗದ ಸ್ನಾಯುಗಳಿವೆ. ನರಗಳಿಂದ ಬರುವ ಸಂಕೇತಕ್ಕೆ ಅವು ಬಿಗಿಯುತ್ತವೆ, ಸಡಿಲವಾಗುತ್ತವೆ. ಆ ಸಂಕೇತವನ್ನು ಹಿಡಿಯುವ ಜಾಗಗಳಿಗೆ ಆಲ್ಫಾ ಗ್ರಾಹಕಗಳು ಅನ್ನುತ್ತಾರೆ. ಗ್ರಂಥಿ ಬೆಳೆದಾಗ ಅದರಲ್ಲಿ ಈ ಸ್ನಾಯುವಿನ ಪಾಲೂ ಸಾಕಷ್ಟು ಇರುತ್ತದೆ. ಒಂದು ದಿನ ಧಾರೆ ಪರವಾಗಿಲ್ಲ, ಇನ್ನೊಂದು ದಿನ ತೀರಾ ಕಷ್ಟ ಅನ್ನುವ ಏರುಪೇರಿಗೆ ಈ ಬಿಗಿತ ಒಂದು ಕಾರಣ. ಗ್ರಂಥಿಯ ಗಾತ್ರವೇನೂ ದಿನದಿಂದ ದಿನಕ್ಕೆ ಬದಲಾಗುವುದಿಲ್ಲವಲ್ಲ.

ಈ ಎರಡು ತಡೆಗಳನ್ನು ಬೇರೆ ಬೇರೆಯಾಗಿ ನೆನಪಿಟ್ಟುಕೊಂಡರೆ ಮಾತ್ರೆಗಳ ವಿಷಯ ಸುಲಭವಾಗಿ ಅರ್ಥವಾಗುತ್ತದೆ. ಒಂದು ಬಗೆಯ ಮಾತ್ರೆ ಬಿಗಿತಕ್ಕೆ, ಇನ್ನೊಂದು ಗಾತ್ರಕ್ಕೆ.

ಇಲ್ಲೇ ಇನ್ನೊಂದು ಮಾತು. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ "ಗ್ರೇಡ್ 2 ಪ್ರಾಸ್ಟೇಟ್" ಅಂತ ಬರೆದಿರುವುದನ್ನು ನೋಡಿ ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ. ಆ ಗ್ರೇಡ್ ಹೇಳುವುದು ಗಾತ್ರವನ್ನಷ್ಟೇ. ಕ್ಯಾನ್ಸರಿನ ಹಂತವನ್ನಲ್ಲ, ತೊಂದರೆ ಎಷ್ಟು ಅನ್ನುವುದನ್ನೂ ಅಲ್ಲ. 80 ಗ್ರಾಂ ಗ್ರಂಥಿ ಇಟ್ಟುಕೊಂಡು ಹಾಯಾಗಿರುವವರಿದ್ದಾರೆ. 30 ಗ್ರಾಂ ಗ್ರಂಥಿಯ ನಡುಭಾಗವೊಂದೇ ಮೇಲಕ್ಕೆ ಬೆಳೆದು ಮೂತ್ರಕೋಶದ ಬಾಯಿಗೆ ಅಡ್ಡ ಕೂತು ಧಾರೆಯನ್ನೇ ನಿಲ್ಲಿಸಿರುವವರೂ ಇದ್ದಾರೆ. ಗಾತ್ರ ನೋಡಿ ಮಾತ್ರ ಆಪರೇಷನ್ ತೀರ್ಮಾನ ಮಾಡುವುದು ಸರಿಯಲ್ಲ.

ಮೂತ್ರಕೋಶ ಏನು ಮಾಡುತ್ತದೆ

ಎಲ್ಲರೂ ಪ್ರಾಸ್ಟೇಟ್ ಬಗ್ಗೆ ಮಾತಾಡುತ್ತಾರೆ. ನನ್ನ ಪ್ರಕಾರ ಈ ಕಾಯಿಲೆಯಲ್ಲಿ ಕಣ್ಣಿಡಬೇಕಾದದ್ದು ಮೂತ್ರಕೋಶದ ಮೇಲೆ. ಧಾರೆ ಎಷ್ಟು ಜೋರಾಗಿ ಬರುತ್ತದೆ ಅನ್ನುವುದು ದಾರಿ ಎಷ್ಟು ತೆರೆದಿದೆ ಎಂಬುದರ ಜೊತೆಗೆ ಮೂತ್ರಕೋಶ ಎಷ್ಟು ಬಲವಾಗಿ ಹಿಂಡುತ್ತದೆ ಎಂಬುದನ್ನೂ ಅವಲಂಬಿಸಿದೆ.

ದಾರಿ ಕಿರಿದಾದಾಗ ಮೊದಲು ಮೂತ್ರಕೋಶ ಸೋಲುವುದಿಲ್ಲ. ಹೆಚ್ಚು ಒತ್ತಡ ಹಾಕಿ ಹಿಂಡುತ್ತದೆ. ಅದರ ಗೋಡೆಯ ಸ್ನಾಯು ದಪ್ಪವಾಗುತ್ತದೆ. ಈ ಹಂತದಲ್ಲಿ ಧಾರೆ ಸುಮಾರಾಗಿ ಸರಿಯಾಗೇ ಇರಬಹುದು, ಶುರುವಾಗಲು ಮಾತ್ರ ಸ್ವಲ್ಪ ಕಾಯಬೇಕು.

ದಪ್ಪವಾದ ಮೂತ್ರಕೋಶಕ್ಕೆ ತಾಳ್ಮೆ ಕಡಿಮೆ. ಪೂರ್ತಿ ತುಂಬುವ ಮೊದಲೇ ತಾನಾಗಿ ಹಿಂಡಲು ನೋಡುತ್ತದೆ. ಆಗ ಪದೇ ಪದೇ ಹೋಗಬೇಕು ಅನ್ನಿಸುವುದು, ಅನ್ನಿಸಿದ ತಕ್ಷಣ ಓಡಬೇಕಾಗುವುದು, ರಾತ್ರಿ ಏಳುವುದು ಶುರುವಾಗುತ್ತದೆ. ತಡೆ ಇರುವುದು ಕೆಳಗೆ, ಕಾಟ ಕೊಡುವುದು ಮೇಲಿನ ಮೂತ್ರಕೋಶ.

ವರ್ಷಗಳು ಕಳೆದಂತೆ ಸ್ನಾಯುವಿನ ನಡುವೆ ನಾರಿನಂಥ ಅಂಶ ಸೇರಿಕೊಳ್ಳುತ್ತದೆ, ಹಿಂಡುವ ಶಕ್ತಿ ಇಳಿಯುತ್ತದೆ. ಮೂತ್ರ ಮಾಡಿ ಬಂದ ಮೇಲೂ ಒಳಗೆ ಒಂದಷ್ಟು ಉಳಿಯುತ್ತದೆ. ಉಳಿದ ಮೂತ್ರದಲ್ಲಿ ಸೋಂಕಾಗಬಹುದು, ಕಲ್ಲು ಕಟ್ಟಬಹುದು. ಧಾರೆ ಈಗ ನಿಜವಾಗಿ ಸಣ್ಣಗಾಗಿ, ನಡುನಡುವೆ ನಿಂತು, ಕೊನೆಗೆ ತೊಟ್ಟಿಕ್ಕುವ ಸ್ಥಿತಿಗೆ ಬರುತ್ತದೆ.

ಇದರಿಂದ ಒಂದು ತೊಡಕು ಹುಟ್ಟುತ್ತದೆ. ಧಾರೆ ಸಣ್ಣಗಿದೆ ಅಂದರೆ ದಾರಿ ಕಟ್ಟಿದೆ ಎಂದೇ ಆಗಬೇಕಿಲ್ಲ. ಹಲವು ವರ್ಷ ಶುಗರ್ ಇದ್ದವರಲ್ಲಿ ನರಗಳು ಹಾಳಾಗಿ ಮೂತ್ರಕೋಶವೇ ಸೋತಿರಬಹುದು. ಪಾರ್ಕಿನ್ಸನ್ ಕಾಯಿಲೆ, ಪಾರ್ಶ್ವವಾಯು, ಬೆನ್ನುಹುರಿಯ ತೊಂದರೆ ಇದ್ದವರಲ್ಲೂ ಮೂತ್ರಕೋಶದ ನಡತೆ ಕೆಡುತ್ತದೆ. ಅಂಥವರ ಪ್ರಾಸ್ಟೇಟ್ ಮಾತ್ರ ಕೆತ್ತಿ ತೆಗೆದರೆ ನಿರೀಕ್ಷಿಸಿದಷ್ಟು ಲಾಭ ಆಗುವುದಿಲ್ಲ. ಅನುಮಾನ ಇದ್ದಾಗ ಯೂರೋಡೈನಾಮಿಕ್ಸ್ ಅನ್ನುವ ಪರೀಕ್ಷೆ ಮಾಡುತ್ತಾರೆ. ಮೂತ್ರಕೋಶಕ್ಕೆ ಸಣ್ಣ ನಳಿಕೆ ಹಾಕಿ, ಮೂತ್ರ ಮಾಡುವಾಗ ಒಳಗಿನ ಒತ್ತಡವನ್ನೂ ಹೊರಗೆ ಬರುವ ವೇಗವನ್ನೂ ಒಟ್ಟಿಗೆ ಅಳೆಯುತ್ತಾರೆ. ಒತ್ತಡ ಜಾಸ್ತಿ, ವೇಗ ಕಡಿಮೆ ಇದ್ದರೆ ದಾರಿಯಲ್ಲಿ ತಡೆ. ಎರಡೂ ಕಡಿಮೆ ಇದ್ದರೆ ಮೂತ್ರಕೋಶದ ಸೋಲು.

ರಾತ್ರಿ ಏಳುವುದರಲ್ಲೂ ಇದೇ ಎಚ್ಚರ ಬೇಕು. ಮೂರು ದಿನ ಅಳತೆಯ ಮಗ್ಗಿನಲ್ಲಿ ಮೂತ್ರ ಹಿಡಿದು, ಹೊತ್ತು ಮತ್ತು ಪ್ರಮಾಣ ಬರೆದಿಡಲು ಕೆಲವು ಡಾಕ್ಟರು ಹೇಳುತ್ತಾರೆ. ಸುಮ್ನೆ ಕಿರಿಕಿರಿ ಅಂತ ಬಿಡಬಾರದು. ಇಡೀ ದಿನದ ಮೂತ್ರದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ರಾತ್ರಿಯೇ ತಯಾರಾಗುತ್ತಿದ್ದರೆ ಪ್ರಾಸ್ಟೇಟ್ ಮಾತ್ರೆಯಿಂದ ಅದು ನಿಲ್ಲುವುದಿಲ್ಲ. ಹಗಲಲ್ಲಿ ಕಾಲಿಗೆ ನೀರು ಇಳಿದು ಊತ ಬಂದವರು ಮಲಗಿದಾಗ ಆ ನೀರು ರಕ್ತಕ್ಕೆ ಸೇರಿ ಮೂತ್ರವಾಗುತ್ತದೆ. ಹೃದಯದ ತೊಂದರೆ, ಹತೋಟಿಯಲ್ಲಿಲ್ಲದ ಶುಗರ್, ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ, ಸಂಜೆ ತೆಗೆದುಕೊಳ್ಳುವ ನೀರಿಳಿಸುವ ಮಾತ್ರೆ ಇವೆಲ್ಲ ಕಾರಣ ಆಗಬಹುದು.

ಒಬ್ಬ ಮೇಷ್ಟ್ರ ಲೆಕ್ಕ

ಇನ್ನು ಒಂದು ಉದಾಹರಣೆ ಕಟ್ಟಿಕೊಳ್ಳೋಣ. 68 ವರ್ಷದ ನಿವೃತ್ತ ಮೇಷ್ಟ್ರು. ಬಿಪಿ ಇದೆ, ಶುಗರ್ ಇಲ್ಲ. ಎರಡು ವರ್ಷದಿಂದ ಧಾರೆ ಸಣ್ಣ, ರಾತ್ರಿ ನಾಲ್ಕು ಸಲ ಏಳುತ್ತಾರೆ.

ಯೂರಾಲಜಿಸ್ಟ್ ಮೊದಲು ಅವರಿಗೆ ಒಂದು ಪ್ರಶ್ನೆಪತ್ರಿಕೆ ಕೊಡುತ್ತಾರೆ. ಏಳು ಪ್ರಶ್ನೆ, ಒಂದೊಂದಕ್ಕೆ 0ರಿಂದ 5 ಅಂಕ. ಪೂರ್ತಿ ಖಾಲಿಯಾಗಿಲ್ಲ ಅನ್ನಿಸುತ್ತದೆಯೇ, ಎರಡು ಗಂಟೆಯೊಳಗೆ ಮತ್ತೆ ಹೋಗಬೇಕೇ, ನಡುವೆ ನಿಲ್ಲುತ್ತದೆಯೇ, ತಡೆದುಕೊಳ್ಳಲು ಕಷ್ಟವೇ, ಧಾರೆ ಸಣ್ಣಗಿದೆಯೇ, ಶುರುಮಾಡಲು ತಿಣುಕಬೇಕೇ, ರಾತ್ರಿ ಎಷ್ಟು ಸಲ ಏಳುತ್ತೀರಿ. ಒಟ್ಟು 35. ಏಳರವರೆಗೆ ಬಂದರೆ ಸೌಮ್ಯ, 8ರಿಂದ 19 ಮಧ್ಯಮ, 20 ಮತ್ತು ಮೇಲೆ ತೀವ್ರ. ಈ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಷ್ಟೂ ಒಳ್ಳೆಯದು. ಮೇಷ್ಟ್ರಿಗೆ 17 ಬಂತು. ಹೀಗೇ ಜೀವನಪೂರ್ತಿ ಇದ್ದರೆ ಹೇಗನ್ನಿಸುತ್ತದೆ ಅನ್ನುವ ಪ್ರಶ್ನೆಯೂ ಕೊನೆಯಲ್ಲಿದೆ. ಎಷ್ಟೋ ಸಲ ಚಿಕಿತ್ಸೆ ಬೇಕೋ ಬೇಡವೋ ಅನ್ನುವುದನ್ನು ತೀರ್ಮಾನಿಸುವುದು ಆ ಉತ್ತರವೇ. ಅಂಕ ಕಡಿಮೆ ಇದ್ದು, ಕಾಟ ಅನ್ನಿಸದಿದ್ದರೆ ಮಾತ್ರೆಯೇ ಬೇಕಿಲ್ಲ. ಸಂಜೆ ಮೇಲೆ ಕಾಫಿ, ಟೀ, ನೀರು ಕಡಿಮೆ ಮಾಡಿ, ಮಲಬದ್ಧತೆ ಆಗದಂತೆ ನೋಡಿಕೊಂಡು, ವರ್ಷಕ್ಕೊಮ್ಮೆ ತೋರಿಸಿದರೆ ಸಾಕು.

ಆಮೇಲೆ ಮೂತ್ರದ ವೇಗ ಅಳೆಯುವ ಯಂತ್ರ. ಅದರೊಳಗೆ ಮೂತ್ರ ಮಾಡಿದರೆ ಸೆಕೆಂಡಿಗೆ ಎಷ್ಟು ಮಿಲಿ ಬರುತ್ತಿದೆ ಅನ್ನುವ ಗೆರೆ ಕಾಗದದ ಮೇಲೆ ಮೂಡುತ್ತದೆ. ಗರಿಷ್ಠ ವೇಗ ಸೆಕೆಂಡಿಗೆ 15 ಮಿಲಿಗಿಂತ ಜಾಸ್ತಿ ಇದ್ದರೆ ಒಳ್ಳೆಯದು. 10ಕ್ಕಿಂತ ಕಡಿಮೆ ಇದ್ದರೆ ತಡೆಯ ಅನುಮಾನ ಬಲವಾಗುತ್ತದೆ. ಆದರೆ ಕನಿಷ್ಠ 150 ಮಿಲಿಯಾದರೂ ಮೂತ್ರ ಬಂದಿರಬೇಕು, ಇಲ್ಲದಿದ್ದರೆ ಆ ಅಂಕಿಯನ್ನು ನಂಬುವಂತಿಲ್ಲ. ಮೇಷ್ಟ್ರಿಗೆ 220 ಮಿಲಿ ಬಂತು, ವೇಗ 9. ತಕ್ಷಣ ಸ್ಕ್ಯಾನಿಂಗ್ ಮಾಡಿದಾಗ ಒಳಗೆ ಇನ್ನೂ 90 ಮಿಲಿ ಉಳಿದಿತ್ತು. ಗ್ರಂಥಿ 52 ಗ್ರಾಂ. ಪಿಎಸ್‌ಎ 2.8. ಕಿಡ್ನಿ ಸರಿ ಇದೆ, ಮೂತ್ರದಲ್ಲಿ ಸೋಂಕಿಲ್ಲ.

ಡಾಕ್ಟರು ಟ್ಯಾಮ್ಸುಲೋಸಿನ್ 0.4 ಮಿಲಿಗ್ರಾಂ ಬರೆದುಕೊಡುತ್ತಾರೆ. ಇದು ಬಿಗಿತದ ಮಾತ್ರೆ. ಆಲ್ಫಾ ಗ್ರಾಹಕಗಳನ್ನು ಮುಚ್ಚಿ ಸ್ನಾಯುವನ್ನು ಸಡಿಲ ಮಾಡುತ್ತದೆ. ಅಲ್ಫುಜೋಸಿನ್, ಸಿಲೋಡೋಸಿನ್ ಇದೇ ಬಳಗದವು. ಕೆಲವೇ ದಿನಗಳಲ್ಲಿ ಗುಣ ಕಾಣಿಸುತ್ತದೆ. ಒಂದು ತಿಂಗಳಿಗೆ ಮೇಷ್ಟ್ರ ಅಂಕ 17ರಿಂದ 11ಕ್ಕೆ ಇಳಿಯಿತು, ವೇಗ 9ರಿಂದ 12ಕ್ಕೆ ಏರಿತು. ಈ ಮಾತ್ರೆಗಳಿಂದ ಸಾಮಾನ್ಯವಾಗಿ ಸಿಗುವುದು ಸೆಕೆಂಡಿಗೆ ಎರಡು ಮೂರು ಮಿಲಿಯ ಏರಿಕೆ. ಕೇಳಲು ಸಣ್ಣದು, ನಿಂತು ಕಾಯುವವನಿಗೆ ದೊಡ್ಡದು.

ಅಡ್ಡಪರಿಣಾಮಗಳಲ್ಲಿ ಮೂರು ಮುಖ್ಯ. ರಕ್ತನಾಳಗಳಲ್ಲೂ ಇದೇ ಬಗೆಯ ಗ್ರಾಹಕಗಳಿರುವುದರಿಂದ ತಟ್ಟನೆ ಎದ್ದಾಗ ಬಿಪಿ ಇಳಿದು ತಲೆಸುತ್ತು ಬರಬಹುದು. ರಾತ್ರಿ ಕತ್ತಲಲ್ಲಿ ಬಾತ್‌ರೂಮಿಗೆ ಎದ್ದು ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯ ಇಲ್ಲಿದೆ. ಶುರುವಿನ ದಿನಗಳಲ್ಲಿ ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕೂತು ಎದ್ದರೆ ಒಳ್ಳೆಯದು. ಎರಡನೆಯದು, ಸಂಭೋಗದಲ್ಲಿ ವೀರ್ಯ ಕಡಿಮೆ ಬರುವುದು ಅಥವಾ ಬಾರದೇ ಇರುವುದು. ಸಿಲೋಡೋಸಿನ್‌ನಲ್ಲಿ ಇದು ಹೆಚ್ಚು. ಇದರಿಂದ ದೇಹಕ್ಕೆ ಹಾನಿ ಇಲ್ಲ, ಮೊದಲೇ ತಿಳಿಯದಿದ್ದರೆ ಹೆದರಿಕೆ ಆಗುತ್ತದೆ ಅಷ್ಟೆ. ಮೂರನೆಯದು ಕಣ್ಣಿಗೆ ಸಂಬಂಧಿಸಿದ್ದು. ಈ ಮಾತ್ರೆ ತೆಗೆದುಕೊಳ್ಳುವವರಿಗೆ ಕಣ್ಣಿನ ಪೊರೆಯ ಆಪರೇಷನ್ ಮಾಡುವಾಗ ಕಣ್ಣಿನ ಪಾಪೆಯ ಸುತ್ತಲಿನ ಪರದೆ ಜೋತುಬಿದ್ದು ತೊಂದರೆ ಕೊಡಬಹುದು. ಮಾತ್ರೆ ನಿಲ್ಲಿಸಿದರೂ ಇದು ಪೂರ್ತಿ ಹೋಗುವುದಿಲ್ಲ. ಹಾಗಾಗಿ ಕಣ್ಣಿನ ಡಾಕ್ಟರಿಗೆ ಮುಂಚೆಯೇ ಹೇಳಬೇಕು. ಅವರು ಅದಕ್ಕೆ ತಕ್ಕ ತಯಾರಿ ಮಾಡಿಕೊಳ್ಳುತ್ತಾರೆ.

ಆದರೆ ಬಿಗಿತದ ಮಾತ್ರೆ ಗ್ರಂಥಿಯ ಬೆಳವಣಿಗೆಯನ್ನು ನಿಲ್ಲಿಸುವುದಿಲ್ಲ. ಮೇಷ್ಟ್ರ ಗ್ರಂಥಿ 52 ಗ್ರಾಂ ಇರುವುದರಿಂದ ಡಾಕ್ಟರು ಗಾತ್ರದ ಮಾತ್ರೆಯನ್ನೂ ಸೇರಿಸುತ್ತಾರೆ. ಫಿನಾಸ್ಟೆರೈಡ್ 5 ಮಿಲಿಗ್ರಾಂ ಅಥವಾ ಡುಟಾಸ್ಟೆರೈಡ್ 0.5 ಮಿಲಿಗ್ರಾಂ. ನಮ್ಮಲ್ಲಿ ಟ್ಯಾಮ್ಸುಲೋಸಿನ್ ಮತ್ತು ಡುಟಾಸ್ಟೆರೈಡ್ ಸೇರಿಸಿದ ಒಂದೇ ಗುಳಿಗೆ ಸಿಗುತ್ತದೆ. ಗಾತ್ರದ ಮಾತ್ರೆ ಡಿಎಚ್‌ಟಿ ತಯಾರಾಗುವುದನ್ನು ತಡೆಯುತ್ತದೆ. ಗ್ರಂಥಿ ನಿಧಾನವಾಗಿ ಕುಗ್ಗುತ್ತದೆ, ಆರು ತಿಂಗಳಿಂದ ಒಂದು ವರ್ಷದಲ್ಲಿ ಸುಮಾರು ನಾಲ್ಕನೇ ಒಂದು ಭಾಗ. ಒಂದು ತಿಂಗಳು ತಿಂದು "ಏನೂ ಉಪಯೋಗ ಇಲ್ಲ" ಅಂತ ಬಿಡುವವರು ಬಹಳ. ಗ್ರಂಥಿ ಚಿಕ್ಕದಿದ್ದವರಿಗೆ ಇದು ಹೆಚ್ಚು ಕೆಲಸ ಮಾಡುವುದಿಲ್ಲ.

ಎರಡನ್ನೂ ಒಟ್ಟಿಗೆ ಕೊಡುವುದರ ಲಾಭ 2003ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಿಂದ ಸ್ಪಷ್ಟವಾಯಿತು. ಸುಮಾರು ಮೂರು ಸಾವಿರ ಗಂಡಸರನ್ನು ನಾಲ್ಕೂವರೆ ವರ್ಷ ನೋಡಿದರು. ಕಾಯಿಲೆ ಮುಂದುವರಿಯುವ ಅಪಾಯ ಒಂದೊಂದೇ ಮಾತ್ರೆಯಿಂದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಇಳಿದರೆ, ಎರಡೂ ಸೇರಿದಾಗ ಮೂರನೇ ಎರಡು ಭಾಗದಷ್ಟು ಇಳಿಯಿತು. ಅದರಲ್ಲಿ ಗಮನಿಸಬೇಕಾದ ಅಂಶ ಬೇರೆಯೇ ಇದೆ. ಮೂತ್ರ ಪೂರ್ತಿ ಕಟ್ಟಿಕೊಳ್ಳುವುದನ್ನು, ಆಪರೇಷನ್ ಬೇಕಾಗುವುದನ್ನು ದೀರ್ಘಕಾಲ ತಡೆದದ್ದು ಗಾತ್ರದ ಮಾತ್ರೆ. ಬಿಗಿತದ ಮಾತ್ರೆ ಒಂದೇ ಆದರೆ ಕಾಟ ಕಡಿಮೆ ಮಾಡುತ್ತದೆ, ಆದರೆ ಮೂತ್ರ ಕಟ್ಟುವುದನ್ನೂ ಆಪರೇಷನ್ನನ್ನೂ ಬರೀ ಮುಂದೂಡುತ್ತದೆ.

ಗಾತ್ರದ ಮಾತ್ರೆಯಿಂದ ಕೆಲವರಿಗೆ ಕಾಮಾಸಕ್ತಿ ಕುಗ್ಗುತ್ತದೆ, ನಿಮಿರುವಿಕೆ ಕಡಿಮೆಯಾಗುತ್ತದೆ, ಅಪರೂಪಕ್ಕೆ ಎದೆಯ ಭಾಗ ಊದಿಕೊಂಡು ನೋಯುತ್ತದೆ. ಗರ್ಭಿಣಿಯರು ಒಡೆದ ಮಾತ್ರೆಯನ್ನು ಮುಟ್ಟಬಾರದು, ಹೊಟ್ಟೆಯಲ್ಲಿರುವ ಗಂಡುಮಗುವಿನ ಬೆಳವಣಿಗೆಗೆ ತೊಂದರೆ ಆಗಬಹುದು. ಇನ್ನೊಂದು ಎಚ್ಚರಿಕೆಯನ್ನು ನಾನು ಒತ್ತಿ ಹೇಳಬೇಕು. ಈ ಮಾತ್ರೆ ಆರು ತಿಂಗಳಿಂದ ಒಂದು ವರ್ಷದಲ್ಲಿ ಪಿಎಸ್‌ಎ ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಮೇಷ್ಟ್ರ 2.8 ಈಗ 1.4 ಆಗಿದೆ. ಮುಂದೆಂದೋ ಅದು 2.6 ಬಂತು ಅಂದುಕೊಳ್ಳಿ. ಲ್ಯಾಬ್ ರಿಪೋರ್ಟಿನಲ್ಲಿ "ನಾರ್ಮಲ್" ಅಂತಲೇ ಇರುತ್ತದೆ. ಆದರೆ ಅದನ್ನು ಎರಡರಿಂದ ಗುಣಿಸಬೇಕು, 5.2 ಆಗುತ್ತದೆ. ಮಾತ್ರೆ ತಿನ್ನುತ್ತಿರುವಾಗ ಪಿಎಸ್‌ಎ ಏರುತ್ತಿದೆ ಅಂದರೆ ಕ್ಯಾನ್ಸರ್ ಇದೆಯೇ ಅಂತ ನೋಡಲೇಬೇಕು. ಬೇರೆ ಊರಿನ ಬೇರೆ ಡಾಕ್ಟರಿಗೆ ರಿಪೋರ್ಟ್ ತೋರಿಸುವಾಗ ಈ ಮಾತ್ರೆಯ ಹೆಸರು ಹೇಳದಿದ್ದರೆ ಇದು ತಪ್ಪಿಹೋಗುತ್ತದೆ.

ನಿಮಿರುವಿಕೆಯ ತೊಂದರೆಯೂ ಜೊತೆಗಿದ್ದರೆ ದಿನಕ್ಕೆ 5 ಮಿಲಿಗ್ರಾಂ ಟಡಾಲಾಫಿಲ್ ಕೊಡುವುದುಂಟು. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಮುಟ್ಟಲೇಬಾರದು, ಬಿಪಿ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಗಿಡಮೂಲಿಕೆ ಅಂತ ಮಾರುವ ಸಾ ಪಾಮೆಟೊ ಸಾರವನ್ನು ಒಳ್ಳೆಯ ಪ್ರಯೋಗಗಳಲ್ಲಿ ಪರೀಕ್ಷಿಸಿದ್ದಾರೆ. ಔಷಧಿಯೇ ಇಲ್ಲದ ಖಾಲಿ ಮಾತ್ರೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ.

ಮೂತ್ರ ಕಟ್ಟಿದ ದಿನ

ಮೇಷ್ಟ್ರು ಮೂರು ವರ್ಷ ಚೆನ್ನಾಗಿದ್ದರು. ಆಮೇಲೆ ಒಂದು ಮದುವೆಗೆ ಹೊರಟರು. ನೆಗಡಿ ಆಗಿತ್ತು, ಮೆಡಿಕಲ್ ಶಾಪಿನಲ್ಲಿ ಕೇಳಿ ನೆಗಡಿ ಮಾತ್ರೆ ನುಂಗಿದರು. ಬಸ್ಸಿನಲ್ಲಿ ಐದು ಗಂಟೆ ತಡೆದುಕೊಂಡು ಕೂತರು. ಇಳಿದಾಗ ಹೊಟ್ಟೆಯ ಕೆಳಭಾಗ ಕಲ್ಲಿನಂತೆ ಬಿಗಿದಿತ್ತು, ಒಂದು ತೊಟ್ಟು ಮೂತ್ರವೂ ಬರಲಿಲ್ಲ.

ನೆಗಡಿ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಫಿನೈಲೆಫ್ರಿನ್ ಮತ್ತು ಕ್ಲೋರ್ಫೆನಿರಮಿನ್ ಇರುತ್ತವೆ. ಮೊದಲನೆಯದು ಮೂಗಿನ ರಕ್ತನಾಳವನ್ನು ಬಿಗಿಯುವಂತೆ ಪ್ರಾಸ್ಟೇಟಿನ ಸ್ನಾಯುವನ್ನೂ ಬಿಗಿಯುತ್ತದೆ. ಎರಡನೆಯದು ಮೂತ್ರಕೋಶದ ಹಿಂಡುವ ಶಕ್ತಿಯನ್ನು ಕುಗ್ಗಿಸುತ್ತದೆ. ಎರಡೂ ಕಡೆಯಿಂದ ಪೆಟ್ಟು. ಮಲಬದ್ಧತೆ, ಮಿತಿಮೀರಿದ ಕುಡಿತ, ಬೇರೆ ಯಾವುದೋ ಆಪರೇಷನ್ನಿಗೆ ಕೊಟ್ಟ ಅರಿವಳಿಕೆ ಕೂಡ ಹೀಗೆ ಮೂತ್ರ ಕಟ್ಟಿಸುವುದುಂಟು.

ಆಗ ಮನೆಮದ್ದು ಮಾಡುತ್ತಾ, ನೀರು ಕುಡಿಸುತ್ತಾ ಕೂರಬಾರದು. ಆಸ್ಪತ್ರೆಯಲ್ಲಿ ಮೂತ್ರ ಹೊರತೆಗೆಯುವ ನಳಿಕೆ, ಅಂದರೆ ಕ್ಯಾಥೆಟರ್ ಹಾಕಿದ ಕೂಡಲೇ ನೋವು ಇಳಿಯುತ್ತದೆ. ಮೇಷ್ಟ್ರಿಗೆ 800 ಮಿಲಿ ಹೊರಬಂತು. ಸಾಮಾನ್ಯವಾಗಿ ಎರಡು ಮೂರು ದಿನ ಬಿಗಿತದ ಮಾತ್ರೆ ಮುಂದುವರಿಸಿ ಕ್ಯಾಥೆಟರ್ ತೆಗೆದು ನೋಡುತ್ತಾರೆ. ಹಲವರಿಗೆ ಮೂತ್ರ ತಾನಾಗಿ ಬರುತ್ತದೆ. ಮೇಷ್ಟ್ರಿಗೆ ಬರಲಿಲ್ಲ. ಇನ್ನೊಂದು ವಾರ ಬಿಟ್ಟು ತೆಗೆದಾಗಲೂ ಇಲ್ಲ. ಮಾತ್ರೆಯ ದಾರಿ ಇಲ್ಲಿಗೆ ಮುಗಿಯಿತು.

ನೋವಿಲ್ಲದೆ ಮೂತ್ರ ಕಟ್ಟುವುದು ಇದಕ್ಕಿಂತ ಅಪಾಯ. ಮೂತ್ರಕೋಶ ನಿಧಾನವಾಗಿ ಹಿಗ್ಗಿ ಹಿಗ್ಗಿ ಅರಿವೇ ಕಳೆದುಕೊಂಡಿರುತ್ತದೆ. ಒಂದು ಲೀಟರ್ ತುಂಬಿದ್ದರೂ ಗೊತ್ತಾಗುವುದಿಲ್ಲ. ತುಂಬಿ ಹೊರಚೆಲ್ಲುವುದರಿಂದ ರಾತ್ರಿ ಹಾಸಿಗೆ ಒದ್ದೆಯಾಗುತ್ತದೆ. "ಅಪ್ಪನಿಗೆ ಮೂತ್ರ ನಿಲ್ಲುತ್ತಿಲ್ಲ, ವಯಸ್ಸಾಯ್ತು" ಅಂತ ಮಕ್ಕಳು ಡಯಾಪರ್ ತಂದುಕೊಡುತ್ತಾರೆ. ಒಳಗೆ ಒತ್ತಡ ಮೇಲಕ್ಕೆ ಹೋಗಿ ಕಿಡ್ನಿಗಳು ಊದಿಕೊಳ್ಳುತ್ತಿರುತ್ತವೆ. ವಯಸ್ಸಾದ ಗಂಡಸಿಗೆ ಹೊಸದಾಗಿ ಹಾಸಿಗೆ ಒದ್ದೆಯಾಗಲು ಶುರುವಾದರೆ ಒಂದು ಸ್ಕ್ಯಾನಿಂಗ್, ಕಿಡ್ನಿ ಹೇಗಿದೆ ಅಂತ ತಿಳಿಸುವ ಒಂದು ಕ್ರಿಯಾಟಿನಿನ್ ರಕ್ತಪರೀಕ್ಷೆ ತಕ್ಷಣ ಮಾಡಿಸಬೇಕು.

ಆಪರೇಷನ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಮಾತ್ರೆ ಸಡಿಲಿಸುತ್ತದೆ ಅಥವಾ ಕುಗ್ಗಿಸುತ್ತದೆ. ನಿಲ್ಲಿಸಿದರೆ ತೊಂದರೆ ಮರಳುತ್ತದೆ. ಆಪರೇಷನ್ ಅಡ್ಡವಿರುವ ಭಾಗವನ್ನೇ ತೆಗೆಯುತ್ತದೆ. ಹಾಗಾಗಿ ಗುಣದಲ್ಲೂ ದೊಡ್ಡ ಅಂತರವಿದೆ. ಮಾತ್ರೆಯಿಂದ ಎರಡು ಮೂರು ಮಿಲಿ ಏರುವ ವೇಗ ಆಪರೇಷನ್ನಿನಿಂದ ಹತ್ತು ಮಿಲಿಯಷ್ಟು ಏರಬಹುದು. ಮೂತ್ರ ಮತ್ತೆ ಮತ್ತೆ ಕಟ್ಟುವುದು, ಪದೇ ಪದೇ ಸೋಂಕು, ಮೂತ್ರಕೋಶದಲ್ಲಿ ಕಲ್ಲು, ನಿಲ್ಲದೆ ಮರುಕಳಿಸುವ ರಕ್ತ, ತಡೆಯಿಂದ ಕಿಡ್ನಿಗೆ ಪೆಟ್ಟು, ಇವುಗಳಲ್ಲಿ ಯಾವುದಾದರೂ ಇದ್ದರೆ ಆಪರೇಷನ್ ಸಲಹೆ ಕೊಡುತ್ತಾರೆ. ಮಾತ್ರೆ ಸಾಕಾಗದವರು, ಜೀವನಪೂರ್ತಿ ಮಾತ್ರೆ ಬೇಡ ಅನ್ನುವವರು ಕೂಡ ಇದನ್ನು ಆರಿಸಿಕೊಳ್ಳಬಹುದು.

ಒಂದು ಕಾಲಕ್ಕೆ ಹೊಟ್ಟೆ ಕೊಯ್ದು, ಮೂತ್ರಕೋಶ ತೆರೆದು, ಬೆರಳಿನಿಂದಲೇ ಗ್ರಂಥಿಯ ಒಳಭಾಗವನ್ನು ಬಿಡಿಸಿ ತೆಗೆಯುತ್ತಿದ್ದರು. 1901ರಲ್ಲಿ ಈ ವಿಧಾನವನ್ನು ಪ್ರಸಿದ್ಧಿಗೆ ತಂದ ಪೀಟರ್ ಫ್ರೇಯರ್ ಅದಕ್ಕೆ ಮೊದಲು ವರ್ಷಗಟ್ಟಲೆ ಭಾರತದಲ್ಲಿ ಸರ್ಕಾರಿ ವೈದ್ಯರಾಗಿದ್ದವರು. ಈಗ ಹೊಟ್ಟೆ ಕೊಯ್ಯುವುದು ಅಪರೂಪ. ಕೆಲಸ ಮೂತ್ರದ ದಾರಿಯಿಂದಲೇ ನಡೆಯುತ್ತದೆ.

ಹೆಚ್ಚು ಬಳಕೆಯಲ್ಲಿರುವುದು ಟಿಯುಆರ್‌ಪಿ. ಸೊಂಟಕ್ಕೆ ಅರಿವಳಿಕೆ ಕೊಟ್ಟು, ಮೂತ್ರನಾಳದಲ್ಲಿ ಕ್ಯಾಮೆರಾ ಇರುವ ಉಪಕರಣ ತೂರಿಸಿ, ವಿದ್ಯುತ್ ಹರಿಯುವ ತಂತಿಯ ಕುಣಿಕೆಯಿಂದ ಗ್ರಂಥಿಯ ಒಳಭಾಗವನ್ನು ಸಣ್ಣ ಸಣ್ಣ ತುಂಡಾಗಿ ಕೆತ್ತುತ್ತಾರೆ. ಸಾಮಾನ್ಯವಾಗಿ ಒಂದು, ಒಂದೂವರೆ ಗಂಟೆ. ನೋಟ ಸ್ಪಷ್ಟವಾಗಿರಲು ಉದ್ದಕ್ಕೂ ದ್ರವ ಹರಿಸಬೇಕು. ಹಳೆಯ ಬಗೆಯಲ್ಲಿ ಗ್ಲೈಸಿನ್ ದ್ರವ ಬಳಸುತ್ತಿದ್ದರು. ಅದು ಜಾಸ್ತಿ ರಕ್ತಕ್ಕೆ ಸೇರಿದರೆ ಸೋಡಿಯಂ ಕುಸಿದು ವಾಂತಿ, ಗೊಂದಲ, ಪ್ರಜ್ಞೆ ತಪ್ಪುವುದು ಎಲ್ಲ ಆಗುತ್ತಿತ್ತು. ಹೊಸ ಬೈಪೋಲಾರ್ ಉಪಕರಣದಲ್ಲಿ ಸಲೈನ್ ಬಳಸುವುದರಿಂದ ಆ ಭಯ ಬಹುಮಟ್ಟಿಗೆ ಹೋಗಿದೆ.

ಗ್ರಂಥಿ 80, 100 ಗ್ರಾಂ ದಾಟಿದಾಗ ಕೆತ್ತುತ್ತಾ ಕೂರುವುದು ಕಷ್ಟ. ಆಗ ಹೋಲ್ಮಿಯಂ ಲೇಸರ್ ಬಳಸುವ ಹೋಲೆಪ್ ಒಳ್ಳೆಯದು. ಕಿತ್ತಳೆಯ ಸಿಪ್ಪೆ ಹಾಗೇ ಬಿಟ್ಟು ಒಳಗಿನ ತೊಳೆಗಳನ್ನು ಬಿಡಿಸಿದಂತೆ, ಹೊರ ಹೊದಿಕೆಯಿಂದ ಒಳಭಾಗವನ್ನು ಇಡಿಯಾಗಿ ಬೇರ್ಪಡಿಸಿ ಮೂತ್ರಕೋಶಕ್ಕೆ ತಳ್ಳುತ್ತಾರೆ. ಅಲ್ಲಿ ಅದನ್ನು ಪುಡಿಮಾಡಿ ಹೀರಿ ತೆಗೆಯುತ್ತಾರೆ. ರಕ್ತಸ್ರಾವ ಕಡಿಮೆ, ಮತ್ತೆ ಬೆಳೆಯುವುದೂ ಕಡಿಮೆ. ಆದರೆ ಕಲಿಯಲು ಕಷ್ಟದ ವಿದ್ಯೆ. 50 ಗ್ರಾಂ ಗ್ರಂಥಿಗೆ ಎರಡೂ ಚೆನ್ನಾಗಿ ಕೆಲಸ ಮಾಡುತ್ತವೆ. "ಲೇಸರ್" ಅನ್ನುವ ಬೋರ್ಡ್ ನೋಡಿ ಓಡುವ ಬದಲು, ಮಾಡುವವರು ಯಾವುದನ್ನು ಹೆಚ್ಚು ಮಾಡಿದ್ದಾರೆ ಅಂತ ಕೇಳುವುದು ಜಾಣತನ.

ಮೇಷ್ಟ್ರು ಬೈಪೋಲಾರ್ ಟಿಯುಆರ್‌ಪಿ ಮಾಡಿಸಿಕೊಂಡರು. ಎರಡು ದಿನ ಕ್ಯಾಥೆಟರ್ ಇತ್ತು, ಮೂರನೇ ದಿನ ತೆಗೆದಾಗ ಮೂತ್ರ ಧಾರಾಳವಾಗಿ ಬಂತು. ಮನೆಗೆ ಹೋದರು. ಎರಡು ವಾರದ ಹೊತ್ತಿಗೆ ಮತ್ತೆ ಮೂತ್ರ ಕೆಂಪಾಯಿತು. ಒಳಗಿನ ಗಾಯದ ಹಕ್ಕಳೆ ಉದುರುವ ಸಮಯ ಅದು, ಹೀಗಾಗುವುದು ಸಾಮಾನ್ಯ. ಚೆನ್ನಾಗಿ ನೀರು ಕುಡಿದರೆ ಒಂದೆರಡು ದಿನದಲ್ಲಿ ತಿಳಿಯಾಗುತ್ತದೆ. ಹೆಪ್ಪುಗಟ್ಟಿದ ರಕ್ತ ಬಂದು ಮೂತ್ರ ನಿಂತರೆ ಮಾತ್ರ ಆಸ್ಪತ್ರೆಗೆ ಓಡಬೇಕು. ಸುಮಾರು ಒಂದು ತಿಂಗಳು ಭಾರ ಎತ್ತುವುದು, ತಿಣುಕುವುದು, ಸ್ಕೂಟರ್ ಓಡಿಸುವುದು ಬೇಡ.

ಆಪರೇಷನ್ ಆದ ಮೇಲೆ ಮೂರರಲ್ಲಿ ಇಬ್ಬರಿಗಿಂತ ಹೆಚ್ಚು ಜನರಿಗೆ ವೀರ್ಯ ಹೊರಗೆ ಬರದೆ ಹಿಂದಕ್ಕೆ ಮೂತ್ರಕೋಶಕ್ಕೆ ಹೋಗುತ್ತದೆ. ಸುಖದ ಅನುಭವ, ನಿಮಿರುವಿಕೆ ಸಾಮಾನ್ಯವಾಗಿ ಹಾಗೇ ಉಳಿಯುತ್ತವೆ. ಮಕ್ಕಳು ಬೇಕೆನ್ನುವವರು ಮಾತ್ರ ಇದನ್ನು ಮೊದಲೇ ಯೋಚಿಸಬೇಕು. ವೀರ್ಯ ಉಳಿಸಿಕೊಳ್ಳಲೇಬೇಕು ಅನ್ನುವವರಿಗೆ ಗ್ರಂಥಿಯನ್ನು ಕ್ಲಿಪ್ಪಿನಿಂದ ಎಳೆದು ಕಟ್ಟುವ, ಹಬೆಯಿಂದ ಕುಗ್ಗಿಸುವ ಹೊಸ ವಿಧಾನಗಳಿವೆ, ಆದರೆ ಅವುಗಳ ಗುಣ ಟಿಯುಆರ್‌ಪಿಯಷ್ಟು ಬಲವಾಗಿಲ್ಲ. ಶಾಶ್ವತವಾಗಿ ಮೂತ್ರ ಸೋರುವುದು ಅಪರೂಪ. ನೂರರಲ್ಲಿ ಕೆಲವರಿಗೆ ಮೂತ್ರನಾಳ ಅಥವಾ ಮೂತ್ರಕೋಶದ ಕುತ್ತಿಗೆ ಗಾಯದ ಕಲೆಯಿಂದ ಕಿರಿದಾಗಿ, ಧಾರೆ ಮತ್ತೆ ಸಣ್ಣಗಾಗುತ್ತದೆ. ಚೆನ್ನಾಗಿದ್ದ ಧಾರೆ ಕೆಲವು ತಿಂಗಳಲ್ಲಿ ಇಳಿದರೆ ಇದನ್ನೇ ಮೊದಲು ಅನುಮಾನಿಸುವುದು.

ಮೂರು ತಿಂಗಳಿಗೆ ಮೇಷ್ಟ್ರ ವೇಗ ಸೆಕೆಂಡಿಗೆ 21 ಮಿಲಿ, ಒಳಗೆ ಉಳಿಯುವುದು 20 ಮಿಲಿ. ಆದರೆ ರಾತ್ರಿ ಈಗಲೂ ಎರಡು ಸಲ ಏಳುತ್ತಾರೆ. ಮೊದಲ ವಾರಗಳಲ್ಲಂತೂ ಅವಸರ ಮುಂಚಿಗಿಂತ ಜಾಸ್ತಿಯೇ ಇತ್ತು. ದಾರಿ ಒಂದೇ ದಿನದಲ್ಲಿ ತೆರೆಯಿತು. ದಪ್ಪವಾಗಿ ಸಿಡುಕು ಕಲಿತ ಮೂತ್ರಕೋಶ ಮೆತ್ತಗಾಗಲು ತಿಂಗಳುಗಳೇ ಬೇಕು, ಕೆಲವರಲ್ಲಿ ಅದು ಪೂರ್ತಿ ಸರಿಹೋಗುವುದಿಲ್ಲ. ಆಪರೇಷನ್ನನ್ನು ತೀರಾ ತಡಮಾಡಿದವರು, ಮೂತ್ರಕೋಶ ಸೋತ ಮೇಲೆ ಬಂದವರು, ದಾರಿ ತೆರೆದ ಮೇಲೂ ದಿನಕ್ಕೆ ಕೆಲವು ಸಲ ತಾವೇ ನಳಿಕೆ ಹಾಕಿ ಖಾಲಿ ಮಾಡಿಕೊಳ್ಳಬೇಕಾಗಬಹುದು.

ಕೆತ್ತಿದ ತುಂಡುಗಳನ್ನು ಲ್ಯಾಬಿಗೆ ಕಳಿಸುತ್ತಾರೆ. ಕೆಲವೊಮ್ಮೆ ಅದರಲ್ಲಿ ಯಾರೂ ಎಣಿಸದ ಕ್ಯಾನ್ಸರ್ ಸಿಗುವುದುಂಟು. ಮೇಷ್ಟ್ರ ರಿಪೋರ್ಟ್ ಸಾಧು ಗಡ್ಡೆ ಅಂತ ಬಂತು, ಎರಡೂ ಮಾತ್ರೆ ನಿಂತವು. ಆದರೂ ತೆಗೆದದ್ದು ಒಳಭಾಗ ಮಾತ್ರ. ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವ ಹೊರಭಾಗ ಅಲ್ಲೇ ಇದೆ. ಹಾಗಾಗಿ ಪಿಎಸ್‌ಎ ಬೇಡವೇ ಬೇಡ ಎಂದಾಗುವುದಿಲ್ಲ. ಕೆಲವು ತಿಂಗಳ ನಂತರ ಹೊಸದಾಗಿ ಒಮ್ಮೆ ಮಾಡಿಸಿ ಆ ಅಂಕಿಯನ್ನು ಬರೆದಿಟ್ಟುಕೊಳ್ಳಬೇಕು, ಮುಂದಿನವುಗಳನ್ನು ಅದರ ಜೊತೆ ಹೋಲಿಸಿ ನೋಡಬೇಕು. ಡುಟಾಸ್ಟೆರೈಡ್ ದೇಹದಿಂದ ಪೂರ್ತಿ ಹೋಗಲು ಸುಮಾರು ಆರು ತಿಂಗಳು ಹಿಡಿಯುತ್ತದೆ. ಅದಾದ ಮೇಲೆ ಎರಡರಿಂದ ಗುಣಿಸುವ ಲೆಕ್ಕ ಬೇಕಿಲ್ಲ.